60ರ ಹುಟ್ಟುಹಬ್ಬದ ಕರೆಯೋಲೆ: ಯಾರೂ ಫೋನ್ ಮಾಡಿ ಕೇಳದ ಹಾಗೆ ಉಡುಪಿನ ಸಾಲು ಬರೆಯುವುದು

"ಅಪ್ಪಯ್ಯನಿಗೆ 60 ತುಂಬುತ್ತದೆ. ಸಂಜೆಯ ಕಾರ್ಯಕ್ರಮಕ್ಕೆ ಒಂದು ಥೀಮ್ ಇಟ್ಟುಕೊಂಡಿದ್ದೇವೆ. ಬರುವವರು ಏನು ಉಟ್ಟು ಬರಬೇಕೆಂದು ಕರೆಯೋಲೆಯಲ್ಲಿ ಹೇಗೆ ಬರೆಯಬೇಕು?" ಶಿರಸಿ, ಕುಮಟಾ, ಕಾರವಾರದ ಕಡೆಯ ಓದುಗರು ಈಚೆಗೆ ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಕರೆಯೋಲೆಯನ್ನು ಆಗಲೇ ಕಳುಹಿಸಿರುತ್ತಾರೆ. "ಅದೇನು ಬರೆದಿದ್ದೀರಿ, ನಾನು ಏನು ಉಡಲಿ?" ಎಂಬ ಕರೆಗಳಿಗೆ ಉತ್ತರ ಹೇಳಿ ಹೇಳಿ ದಣಿದ ಮೇಲೆ ನನಗೆ ಬರೆಯುತ್ತಾರೆ. ಆದ್ದರಿಂದ ಆರಂಭದಿಂದಲೇ ಹೇಳುತ್ತೇನೆ.

ಎರಡು ಪದಗಳನ್ನು ಮೊದಲು ಬಿಡಿಸಿಕೊಳ್ಳೋಣ. ಥೀಮ್ ಎಂದರೆ ಇಡೀ ಸಮಾರಂಭವನ್ನು ಹೆಣೆಯುವ ಒಂದು ವಿಷಯ. ಚಪ್ಪರದ ಅಲಂಕಾರ, ಕರೆಯೋಲೆಯ ಚಿತ್ರ, ಫೋಟೊ ತೆಗೆಯುವ ಮೂಲೆ ಎಲ್ಲವೂ ಅದನ್ನು ಅನುಸರಿಸುತ್ತವೆ. ಡ್ರೆಸ್ ಕೋಡ್ ಎಂದರೆ ಅತಿಥಿಗಳು ಎಂತಹ ಬಟ್ಟೆಯಲ್ಲಿ ಬಂದರೆ ಚೆನ್ನ ಎಂದು ಮನೆಯವರು ಹೇಳುವ ಮಾತು. ಇವೆರಡನ್ನು ಒಂದೇ ಎಂದುಕೊಂಡಲ್ಲಿಂದಲೇ ಗೊಂದಲ ಶುರುವಾಗುತ್ತದೆ.

ಉದಾಹರಣೆಗೆ ಒಂದು ಮನೆಯನ್ನು ಊಹಿಸಿಕೊಳ್ಳಿ. ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಅಡಕೆ ತೋಟದ ಅಪ್ಪಯ್ಯನಿಗೆ 60 ತುಂಬುತ್ತದೆ. ಕೊಯ್ಲು ಮುಗಿಸಿಕೊಂಡು ಫೆಬ್ರುವರಿಯಲ್ಲಿ ಸಮಾರಂಭ. ಬೆಳಗ್ಗೆ ಷಷ್ಟ್ಯಬ್ದಿ ಶಾಂತಿ, ಮಧ್ಯಾಹ್ನ ಊಟ, ಸಂಜೆ 5ರಿಂದ ಅದೇ ಅಂಗಳದ ಚಪ್ಪರದಲ್ಲಿ ಹಾಡು, ಮಾತು, ಫೋಟೊ. ಸುಮಾರು 120 ಜನ ಬರುತ್ತಾರೆ: ಊರಿನವರು, ಕುಮಟಾ ಮತ್ತು ಕಾರವಾರದಿಂದ ಘಟ್ಟ ಹತ್ತಿ ಬರುವ ನೆಂಟರು, ಬೆಂಗಳೂರಿನಲ್ಲಿರುವ ಮಕ್ಕಳ ಸ್ನೇಹಿತರು. ಮಕ್ಕಳು ಮೊದಲು ಬರೆದದ್ದು ಹೀಗೆ:

> ಥೀಮ್: ಟ್ರಾಪಿಕಲ್ ಗ್ರೀನ್. ಡ್ರೆಸ್ ಕೋಡ್: ಎಥ್ನಿಕ್, ಅರ್ಥಿ ಟೋನ್ಸ್.

ಬೆಂಗಳೂರಿನ ಸ್ನೇಹಿತರಿಗೆ ಟ್ರಾಪಿಕಲ್ ಎಂದರೆ ದೊಡ್ಡ ಎಲೆಗಳ ಚಿತ್ತಾರವಿರುವ, ಕಡಲತೀರದಲ್ಲಿ ತೊಡುವ ಅಂಗಿ. ಕುಮಟಾದ ಅತ್ತೆಗೆ ಗ್ರೀನ್ ಎಂಬುದೊಂದೇ ತಿಳಿಯುತ್ತದೆ. ಅರ್ಥಿ ಟೋನ್ಸ್ ಎಂದರೆ ಕಂದು, ಕಾವಿ, ಪಾಚಿ ಹಸಿರಿನಂತಹ ಮಣ್ಣಿನ ಬಣ್ಣಗಳು ಎಂದು ಬಲ್ಲವರು, "ಹಾಗಾದರೆ ಹಸಿರು ಬೇಕೋ ಕಂದು ಬೇಕೋ?" ಎಂದು ಕೇಳುತ್ತಾರೆ. ಊರಿನ ಹಿರಿಯರು ಏನನ್ನೂ ಕೇಳುವುದಿಲ್ಲ. ತಮ್ಮ ಬಟ್ಟೆ ಸರಿಹೋಗುತ್ತದೋ ಇಲ್ಲವೋ ಎಂಬ ಅಳುಕಿನಲ್ಲಿ ಊಟ ಮುಗಿಸಿ ಸಂಜೆಗೆ ನಿಲ್ಲದೆ ಹೊರಟುಬಿಡುತ್ತಾರೆ. ಫೋನ್ ಕರೆಗಳಿಗಿಂತ ಈ ಮೌನವೇ ನನಗೆ ಹೆಚ್ಚು ಬೇಸರ ತರಿಸುತ್ತದೆ. ಹಿರಿಯರ ಸಮಾರಂಭಕ್ಕೆ ಬಂದ ಅವರ ಓರಗೆಯವರೇ ಸಂಜೆಯ ಚಪ್ಪರದಲ್ಲಿ ಇಲ್ಲವೆಂದರೆ ಹೇಗೆ?

1. ಥೀಮ್ ನಿಮಗೆ, ಬಟ್ಟೆಯ ಸಾಲು ಅತಿಥಿಗೆ

ಥೀಮನ್ನು ಎಷ್ಟು ಬೇಕಾದರೂ ಚೆಂದವಾಗಿ ಬರೆಯಿರಿ. ಆದರೆ ಏನು ಉಡಬೇಕೆಂಬುದನ್ನು ಅತಿಥಿ ಥೀಮಿನಿಂದ ಊಹಿಸಿಕೊಳ್ಳುವಂತಾಗಬಾರದು. ನಮ್ಮ ಉದಾಹರಣೆಯ ಮನೆಯಲ್ಲಿ ಥೀಮ್ 'ಅಪ್ಪಯ್ಯನ ತೋಟ' ಎಂದಾಯಿತು. ಅದರ ಕೆಲಸವೆಲ್ಲ ಮನೆಯವರದು. ಅಡಕೆ ದಬ್ಬೆಯ ಚಪ್ಪರಕ್ಕೆ ಅಡಕೆಯ ಹೂಗೊಂಚಲಾದ ಸಿಂಗಾರ ಕಟ್ಟುವುದು, ಬಾಳೆಗೊನೆ ನಿಲ್ಲಿಸುವುದು, ಹಳೆಯ ಕೊಯ್ಲಿನ ಫೋಟೊಗಳನ್ನು ತೂಗುಹಾಕುವುದು. ಅತಿಥಿ ಇದಕ್ಕಾಗಿ ಏನೂ ಮಾಡಬೇಕಾಗಿಲ್ಲ.

ಕರೆಯೋಲೆಯಲ್ಲಿ ಥೀಮಿಗೆ ಒಂದು ಸಾಲು ಸಾಕು: "ಸಂಜೆಯ ಚಪ್ಪರವನ್ನು ಅಪ್ಪಯ್ಯನ ತೋಟದ ಹಾಗೆ ಸಿಂಗರಿಸುತ್ತಿದ್ದೇವೆ." ಸಿಂಗರಿಸುವವರು ಯಾರು ಎಂಬುದು ಇದರಲ್ಲಿ ಸ್ಪಷ್ಟವಾಗಿದೆ. "ತೋಟದ ಥೀಮಿನಲ್ಲಿ ಬನ್ನಿ" ಎಂದು ಮಾತ್ರ ಬರೆಯಬೇಡಿ. ಹಾಗೆ ಬರೆದರೆ ತಲೆಗೆ ಹಾಳೆ ಟೊಪ್ಪಿ ಇಟ್ಟುಕೊಂಡು ಬರಬೇಕೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಆ ಪ್ರಶ್ನೆಯಲ್ಲಿ ತಪ್ಪೂ ಇಲ್ಲ.

ದಶಕದ ಥೀಮ್ ಇಟ್ಟುಕೊಳ್ಳುವವರಿಗೆ ಒಂದು ಎಚ್ಚರಿಕೆ. ರೆಟ್ರೋ ಎಂದರೆ ಹಿಂದಿನ ಯಾವುದೋ ಒಂದು ಕಾಲದ ಉಡುಪಿನ ರೀತಿ. ಯಾವ ಕಾಲವೆಂದು ಆ ಪದ ಹೇಳುವುದಿಲ್ಲ. 1966ರಲ್ಲಿ ಹುಟ್ಟಿದವರ ಯೌವನದ ದಿನಗಳನ್ನು ನೆನಪಿಸಬೇಕೆಂದಿದ್ದರೆ 1980ರ ದಶಕ ಎಂದೇ ಬರೆಯಿರಿ. ಇಲ್ಲದಿದ್ದರೆ ಒಬ್ಬರು ಬೆಲ್ ಬಾಟಮ್ ಹೊಲಿಸುತ್ತಾರೆ, ಇನ್ನೊಬ್ಬರು ಧೋತರ ಹುಡುಕುತ್ತಾರೆ.

2. ಬಣ್ಣ ಆರಿಸುವ ಮೊದಲು ಅತಿಥಿಗಳ ಕಪಾಟನ್ನು ನೆನಪಿಸಿಕೊಳ್ಳಿ

ಸಾಲು ಅರ್ಥವಾಗದಿರಲು ಕಾರಣ ಎಷ್ಟೋ ಸಲ ಪದಗಳಲ್ಲಿ ಇರುವುದಿಲ್ಲ, ಆರಿಸಿದ ಬಟ್ಟೆಯಲ್ಲಿರುತ್ತದೆ. ಮನೆಯಲ್ಲಿ ಇಲ್ಲದ ಬಟ್ಟೆಯನ್ನು ಎಷ್ಟು ಸ್ಪಷ್ಟವಾಗಿ ಬರೆದರೂ ಜನ ಕೇಳಿಯೇ ಕೇಳುತ್ತಾರೆ. ಅತಿಥಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. 70 ದಾಟಿದ ಒಬ್ಬರು, ಹೊಸದಾಗಿ ಮದುವೆಯಾದ ಒಬ್ಬರು, ಕಾಲೇಜಿಗೆ ಹೋಗುವ ಹುಡುಗ, ದೂರದಿಂದ ಒಂದೇ ಚೀಲದಲ್ಲಿ ಬರುವವರು, ಹೀಗೆ ನಾಲ್ವರನ್ನು ಆರಿಸಿ. ಅವರ ಬಳಿ ಈಗಾಗಲೇ ಇರುವುದು ಏನು ಎಂದು ನೆನಪಿಸಿಕೊಳ್ಳಿ. ನಾಲ್ವರಲ್ಲಿ ಯಾರಾದರೂ ಅಂಗಡಿಗೆ ಹೋಗಬೇಕಾದರೆ ಆ ಬಣ್ಣವನ್ನು ಬಿಡಿ.

ಗಂಡಸರ ವಿಷಯ ಸುಲಭ. ಬಿಳಿ ಅಥವಾ ಕೆನೆ ಬಣ್ಣದ ಅಂಗಿ ಇಲ್ಲದ ಗಂಡಸು ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಅದೇ ಹಳದಿ ಅಂಗಿ ತನ್ನಿ ಎಂದರೆ ಅರ್ಧ ಜನರ ಬಳಿ ಇರುವುದಿಲ್ಲ. ಹೆಂಗಸರಲ್ಲಿ ಹಸಿರು ಸೀರೆ, ಹಳದಿ ಸೀರೆ ಹೆಚ್ಚಿನವರ ಬಳಿ ಇರುತ್ತದೆ. ಆದ್ದರಿಂದ ನಮ್ಮ ಉದಾಹರಣೆಯ ಮನೆಯವರು ಹೆಂಗಸರಿಗೆ ಎಲೆಯ ಹಸಿರು ಅಥವಾ ಸಿಂಗಾರದ ಹಳದಿ, ಗಂಡಸರಿಗೆ ಬಿಳಿ ಅಥವಾ ಕೆನೆ ಎಂದು ನಿರ್ಧರಿಸಿದರು. ಮೊದಲಿಗೆ ಹಣ್ಣಡಕೆಯ ಕೇಸರಿಯನ್ನೂ ಸೇರಿಸುವ ಆಲೋಚನೆ ಇತ್ತು. ಆದರೆ ಕೇಸರಿ, ಬಿಳಿ, ಹಸಿರು ಒಂದೇ ಫೋಟೊದಲ್ಲಿ ಬಂದರೆ ನೋಡಿದವರಿಗೆ ರಾಷ್ಟ್ರಧ್ವಜದ ಕಾರ್ಯಕ್ರಮ ಎನ್ನಿಸುತ್ತದೆ. ಬಣ್ಣಗಳನ್ನು ಬಿಡಿಬಿಡಿಯಾಗಿ ಆರಿಸದೆ, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬೇಕು ಎನ್ನುವುದು ಇದಕ್ಕಾಗಿ.

ಬಿಳಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಾರವಾರದ ಸಮುದ್ರದ ಬದಿಯಲ್ಲಿ ಸಂಜೆಯ ಕಾರ್ಯಕ್ರಮ ಇಟ್ಟುಕೊಳ್ಳುವ ಮಕ್ಕಳಿಗೆ "ಎಲ್ಲರೂ ಬಿಳಿ" ಎಂಬ ಆಸೆ ಬೇಗ ಹುಟ್ಟುತ್ತದೆ. ಫೋಟೊಗಳಲ್ಲಿ ಅದು ಚೆಂದ ಕಾಣುವುದೂ ನಿಜ. ಆದರೆ ಮಂಗಲ ಕಾರ್ಯಕ್ಕೆ ಬಿಳಿ ಸೀರೆ ಉಟ್ಟು ಹೋಗಲು ಹಿಂಜರಿಯುವ ಹೆಂಗಸರು ಎಷ್ಟೋ ಮನೆಗಳಲ್ಲಿ ಇದ್ದಾರೆ. ವಿಧವೆಯರಿಗೆ ಬಿಳಿ ಎಂಬ ಹಳೆಯ ರೂಢಿಯ ನೋವು ಇನ್ನೂ ಮಾಸಿಲ್ಲ. ಗಂಡಸರಿಗೆ ಬಿಳಿ ಹೇಳಿ, ಹೆಂಗಸರಿಗೆ ಬೇರೆ ಬಣ್ಣ ಕೊಡಿ. ಇದರ ಇನ್ನೊಂದು ಬದಿಯೂ ಇದೆ. ಗಂಡನನ್ನು ಕಳೆದುಕೊಂಡ ಹಿರಿಯರಲ್ಲಿ ಕೆಲವರು ಗಾಢ ಬಣ್ಣ ಉಡುವುದಿಲ್ಲ, ಹೂವು ಮುಡಿಯುವುದಿಲ್ಲ. "ಎಲ್ಲ ಹೆಂಗಸರೂ ಹೂ ಮುಡಿದು ಬನ್ನಿ" ಎಂಬ ಒಂದು ಸಾಲು ಅವರನ್ನು ಮನೆಯಲ್ಲೇ ಉಳಿಸಿಬಿಡುತ್ತದೆ. ಹೂವನ್ನು ಉಡುಪಿನ ಸಾಲಿಗೆ ಸೇರಿಸಲೇಬೇಡಿ. ಅಬ್ಬಲಿಗೆ, ಮಲ್ಲಿಗೆಯ ಬುಟ್ಟಿಯನ್ನು ಬಾಗಿಲಲ್ಲಿ ಇಟ್ಟರೆ ಬೇಕಾದವರು ತೆಗೆದುಕೊಳ್ಳುತ್ತಾರೆ.

ಇನ್ನು 60 ತುಂಬಿದವರ ಮತ್ತು ಅವರ ಜೊತೆಯಲ್ಲಿ ಕುಳಿತುಕೊಳ್ಳುವವರ ಬಟ್ಟೆ. ನಮ್ಮ ಉದಾಹರಣೆಯಲ್ಲಿ ಆಯಿಯದು ಕೆಂಪು ರೇಷ್ಮೆ ಸೀರೆ, ಅಪ್ಪಯ್ಯನಿಗೆ ಕೆಂಪು ಶಾಲು. ಫೋಟೊದಲ್ಲಿ ಅವರಿಬ್ಬರು ಎದ್ದು ಕಾಣಬೇಕು. ಅದಕ್ಕಾಗಿ "ಯಾರೂ ಕೆಂಪು ಉಡಬೇಡಿ" ಎಂದು ಬರೆಯುವುದು ಬೇಡ. ಅತಿಥಿಗಳಿಗೆ ಹೇಳುವ ಬಣ್ಣಗಳಲ್ಲಿ ಕೆಂಪನ್ನು ಸೇರಿಸದಿದ್ದರೆ ಕೆಲಸ ಆಯಿತು. ಒಬ್ಬಿಬ್ಬರು ಕೆಂಪು ಉಟ್ಟು ಬಂದರೂ ಏನೂ ಕೆಡುವುದಿಲ್ಲ, ಯಾರಿಗೂ ಬೇಡ ಎಂದು ಹೇಳಿದಂತೆಯೂ ಆಗುವುದಿಲ್ಲ.

3. ಸಾಲು ಬರೆಯುವುದು

ಅತಿಥಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಐದೇ. ಯಾವ ಹೊತ್ತಿಗೆ? ಯಾರಿಗೆ? ಯಾವ ಬಟ್ಟೆ? ಆ ಬಟ್ಟೆ ಇಲ್ಲದಿದ್ದರೆ? ಹೊಸದು ಕೊಳ್ಳಬೇಕೇ? ಈ ಐದಕ್ಕೂ ಉತ್ತರ ಇದೇ ಕ್ರಮದಲ್ಲಿ ಬಂದರೆ ಬರಹ ತಾನಾಗಿಯೇ ನೇರವಾಗುತ್ತದೆ. ನಮ್ಮ ಉದಾಹರಣೆಯ ಮನೆಯ ಸಾಲು ಕೊನೆಗೆ ಹೀಗಾಯಿತು:

> ಸಂಜೆ 5ರ ಕಾರ್ಯಕ್ರಮಕ್ಕೆ ಹೆಂಗಸರು ಹಸಿರು ಅಥವಾ ಹಳದಿ ಬಣ್ಣದ ಸೀರೆ ಇಲ್ಲವೇ ಚೂಡಿದಾರದಲ್ಲಿ ಬನ್ನಿ. ಯಾವ ಹಸಿರಾದರೂ ಸರಿ, ಯಾವ ಹಳದಿಯಾದರೂ ಸರಿ. ಗಂಡಸರಿಗೆ ಬಿಳಿ ಅಥವಾ ಕೆನೆ ಬಣ್ಣದ ಅಂಗಿ. ಕೆಳಗೆ ಪಂಚೆಯೋ ಪ್ಯಾಂಟೋ ನಿಮ್ಮ ಇಷ್ಟ. ಹಸಿರು ಅಂಚಿನ ಶಲ್ಯವನ್ನು ಬಾಗಿಲಲ್ಲಿ ನಾವೇ ಕೊಡುತ್ತೇವೆ. ಮಕ್ಕಳು ಯಾವ ಬಟ್ಟೆಯಲ್ಲಾದರೂ ಬರಲಿ. ಈ ಬಣ್ಣದ ಬಟ್ಟೆ ಇಲ್ಲದವರು ನಿಮಗೆ ಒಪ್ಪುವ ಬಟ್ಟೆಯಲ್ಲೇ ಬನ್ನಿ. ಇದಕ್ಕಾಗಿ ಹೊಸದನ್ನು ಕೊಳ್ಳುವುದು ಬೇಡ.

ಇದರಲ್ಲಿ ಒಂದೊಂದು ಮಾತಿಗೂ ಕೆಲಸವಿದೆ. "ಯಾವ ಹಸಿರಾದರೂ ಸರಿ" ಎಂಬುದನ್ನು ಬಿಟ್ಟರೆ ಗಿಳಿ ಹಸಿರೋ ಪಾಚಿ ಹಸಿರೋ ಎಂಬ ಪ್ರಶ್ನೆ ಬರುತ್ತದೆ. ಒಂದೇ ಛಾಯೆಗೆ ಪಟ್ಟು ಹಿಡಿಯಬೇಡಿ. ಮೊಬೈಲಿನಲ್ಲಿ ಬಣ್ಣದ ಚೌಕ ಕಳುಹಿಸಿದರೂ ಒಬ್ಬೊಬ್ಬರ ಪರದೆಯಲ್ಲಿ ಅದು ಒಂದೊಂದು ರೀತಿ ಕಾಣುತ್ತದೆ, ಅದನ್ನು ಹಿಡಿದು ಅಂಗಡಿಗೆ ಹೋದವರು ಬೇರೆಯದೇ ಬಣ್ಣ ತರುತ್ತಾರೆ. ಒಂದು ಬಣ್ಣದ ಹತ್ತು ಛಾಯೆಗಳು ಸೇರಿದರೆ ಚಪ್ಪರದ ಬೆಳಕಿನಲ್ಲಿ ಇನ್ನೂ ಚೆನ್ನಾಗಿಯೇ ಕಾಣುತ್ತವೆ.

"ಅಥವಾ" ಎಂಬ ಪದವನ್ನು ಬಿಡಬೇಡಿ. "ಹಸಿರು, ಹಳದಿ" ಎಂದಷ್ಟೇ ಬರೆದರೆ ಎರಡೂ ಬಣ್ಣ ಒಂದೇ ಸೀರೆಯಲ್ಲಿರಬೇಕು ಎಂದುಕೊಳ್ಳುವವರಿದ್ದಾರೆ. ಹಸಿರು ಒಡಲಿಗೆ ಹಳದಿ ಅಂಚಿನ ಸೀರೆ ಹುಡುಕಿ ಅವರು ದಿನ ಕಳೆಯುತ್ತಾರೆ. ಹಾಗೆಯೇ ಬಟ್ಟೆಯ ಯಾವ ಭಾಗಕ್ಕೆ ಆ ಬಣ್ಣ ಎಂಬುದೂ ಗೊತ್ತಾಗಬೇಕು. ಗಂಡಸರಿಗೆ ಅಂಗಿ ಎಂದು ಹೇಳಿದ್ದರಿಂದ ಪ್ಯಾಂಟಿನ ಬಣ್ಣದ ಪ್ರಶ್ನೆ ಏಳುವುದೇ ಇಲ್ಲ.

"ಸಾಧ್ಯವಾದರೆ" ಎಂಬ ಪದ ವಿನಯದ್ದೆಂದು ಎಲ್ಲರೂ ಸೇರಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. "ಸಾಧ್ಯವಾದರೆ ಹಸಿರು ಉಡಿ" ಎಂದು ಓದಿದ ಅತಿಥಿಗೆ, ಉಡದಿದ್ದರೆ ಬೇಸರವಾದೀತೇ ಎಂಬ ಅನುಮಾನ ಉಳಿಯುತ್ತದೆ. ಏನು ಬೇಕೆಂದು ಒಂದು ವಾಕ್ಯದಲ್ಲಿ ನೇರವಾಗಿ ಹೇಳಿ. ಇಲ್ಲದಿದ್ದರೂ ನಡೆಯುತ್ತದೆ ಎಂಬುದನ್ನು ಇನ್ನೊಂದು ವಾಕ್ಯದಲ್ಲಿ ಅಷ್ಟೇ ನೇರವಾಗಿ ಹೇಳಿ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ. "ಕಡ್ಡಾಯ" ಎಂಬ ಪದವಂತೂ ಬೇಡವೇ ಬೇಡ. ಆಶೀರ್ವಾದ ಮಾಡಲು ಬರುವ ಹಿರಿಯರಿಗೆ ಅದು ಶಾಲೆಯ ಸೂಚನಾ ಫಲಕದ ಮಾತು.

ಶಲ್ಯದ ವಾಕ್ಯವನ್ನು ಬರೆದ ಮೇಲೆ ಶಲ್ಯ ತರಿಸಲೇಬೇಕು. 120 ಜನರಲ್ಲಿ ಗಂಡಸರು 50 ಎಂದು ಹಿಡಿದರೆ 55 ಇರಲಿ. ಬಣ್ಣ ಹೊಂದಿಸಲಾಗದೆ ಬಂದ ಹೆಂಗಸರೂ ಬೇಕೆಂದರೆ ಹೊದೆಯಬಹುದು. ಶಲ್ಯ ಬೇಡವೆನ್ನುವವರಿಗೆ ಒತ್ತಾಯ ಮಾಡದಿರಲು ಬಾಗಿಲಲ್ಲಿ ನಿಲ್ಲುವ ಹುಡುಗರಿಗೆ ಮೊದಲೇ ಹೇಳಿಡಿ.

ಪೇಟೆಯ ಕರೆಯೋಲೆಗಳಿಂದ ನಕಲಿಸಿಕೊಂಡು ಬರುವ ಕೆಲವು ಪದಗಳ ಅರ್ಥವನ್ನೂ ಹೇಳಿಬಿಡುತ್ತೇನೆ. ಎಥ್ನಿಕ್ ಎಂದರೆ ಸೀರೆ, ಚೂಡಿದಾರ, ಪಂಚೆ, ಕುರ್ತಾದಂತಹ ನಮ್ಮ ಕಡೆಯ ಉಡುಪು. ಪೇಸ್ಟಲ್ ಎಂದರೆ ಬಿಳಿ ಬೆರೆತಂತೆ ಕಾಣುವ ತೆಳು ಬಣ್ಣಗಳು. ಸ್ಮಾರ್ಟ್ ಕ್ಯಾಶುವಲ್ ಎಂದರೆ ಕೋಟು ಬೇಡ, ಆದರೆ ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಪ್ಯಾಂಟು ಇರಲಿ ಎಂದು. ಬ್ಲ್ಯಾಕ್ ಟೈ ಎಂಬುದರಲ್ಲಿ ಜನ ಹೆಚ್ಚು ಎಡವುತ್ತಾರೆ. ಅದು ಕಪ್ಪು ಬಣ್ಣದ ಒಂದು ಟೈ ಕಟ್ಟುವ ಮಾತಲ್ಲ. ಕಪ್ಪು ಕೋಟು, ಬಿಳಿ ಅಂಗಿ, ಕಪ್ಪು ಬೋ ಟೈ ಇರುವ, ಪಾಶ್ಚಾತ್ಯರು ರಾತ್ರಿಯ ಔತಣಕ್ಕೆ ತೊಡುವ ಇಡೀ ಉಡುಪು ಅದು. ಕರಾವಳಿಯ ಸೆಕೆಗಂತೂ ಹೇಳಿದ್ದಲ್ಲ. ಈ ಪದಗಳಲ್ಲಿ ಯಾವುದನ್ನು ಬರೆಯಬೇಕೆನ್ನಿಸಿದರೂ ಅದರ ಬದಲಿಗೆ ಬಟ್ಟೆಯ ಹೆಸರನ್ನೇ ಬರೆಯಿರಿ.

4. ಬೆಳಗಿನ ಶಾಂತಿಗೆ ಬೇರೆ ಸಾಲು

60ರ ಸಮಾರಂಭ ಎರಡು ಭಾಗವಾಗಿ ನಡೆಯುವುದರಿಂದಲೇ ಹೆಚ್ಚಿನ ಪ್ರಶ್ನೆಗಳು ಹುಟ್ಟುತ್ತವೆ. ಹೋಮ ನಡೆಯುವ ಬೆಳಗ್ಗೆಗೂ ಹಾಡು ಫೋಟೊಗಳ ಸಂಜೆಗೂ ಒಂದೇ ಉಡುಪು ಎಂದುಕೊಂಡವರು, ಹಸಿರು ಸೀರೆಯನ್ನು ಬೆಳಗ್ಗೆಯೇ ಉಟ್ಟು ಸಂಜೆಗೆ ಬೇರೆ ಇಲ್ಲದೆ ಪೇಚಾಡುತ್ತಾರೆ. ಬೆಳಗ್ಗೆಗೆ ಏನೂ ವಿಶೇಷ ಬೇಡವೆಂದಿದ್ದರೆ ಅದನ್ನೇ ಬರೆಯಬೇಕು. ಸುಮ್ಮನೆ ಬಿಟ್ಟರೆ ಜನ ಊಹೆಗೆ ಇಳಿಯುತ್ತಾರೆ.

> ಬೆಳಗ್ಗೆ 8ರ ಶಾಂತಿ ಮತ್ತು ಮಧ್ಯಾಹ್ನದ ಊಟಕ್ಕೆ ಬಣ್ಣದ ಸೂಚನೆ ಇಲ್ಲ. ಪೂಜೆಗೆ ಎಂದಿನಂತೆ ಉಟ್ಟು ಬನ್ನಿ. ಸಂಜೆಗೆ ಬಟ್ಟೆ ಬದಲಾಯಿಸಲು ಮನೆಯ ಮಹಡಿಯಲ್ಲಿ ಎರಡು ಕೋಣೆಗಳಿವೆ.

ಕೊನೆಯ ವಾಕ್ಯ ಸಣ್ಣದು, ಆದರೆ ಕಾರವಾರದಿಂದ ಬೆಳಗ್ಗೆ ಹೊರಟು ಬರುವ ಕುಟುಂಬಕ್ಕೆ ಅದೇ ಮುಖ್ಯ. ಬದಲಾಯಿಸಲು ಜಾಗ ಇದೆಯೆಂದು ತಿಳಿದರೆ ಮಾತ್ರ ಅವರು ಎರಡನೆಯ ಬಟ್ಟೆ ತರುತ್ತಾರೆ. ನಿಮ್ಮ ಮನೆಯ ಹಿರಿಯರು ಹೋಮಕ್ಕೆ ಕಪ್ಪು ಬಟ್ಟೆಯನ್ನು ಒಪ್ಪುವುದಿಲ್ಲವಾದರೆ ಇಲ್ಲಿಯೇ "ಕಪ್ಪನ್ನು ಬಿಟ್ಟು" ಎಂಬ ಎರಡು ಪದ ಸೇರಿಸಿ. ಊರಿನವರಿಗೆ ಅದು ಗೊತ್ತಿರುತ್ತದೆ, ದೂರದ ಸ್ನೇಹಿತರಿಗೆ ಗೊತ್ತಿರಲಾರದು. ಹೋಮದಲ್ಲಿ ಕುಳಿತುಕೊಳ್ಳುವವರ ಪಂಚೆ, ಮಡಿಯ ವಿಷಯವನ್ನು ಎಲ್ಲರ ಕರೆಯೋಲೆಯಲ್ಲಿ ಹಾಕಬೇಡಿ. ಅದು ಮನೆಯ ನಾಲ್ಕೈದು ಜನರಿಗೆ ಸೇರಿದ್ದು, ಬಾಯಲ್ಲಿ ಹೇಳಿದರೆ ಸಾಕು. ಮುಸ್ಲಿಂ, ಕ್ರೈಸ್ತ ಸ್ನೇಹಿತರು ಬರುವವರಿದ್ದರೆ ಪೂಜೆಗೆ ತಾವೂ ಬರಬಹುದೇ ಎಂಬ ಸಂಕೋಚ ಅವರಿಗೆ ಇರುತ್ತದೆ. "ಬೆಳಗ್ಗೆ, ಸಂಜೆ ಎರಡಕ್ಕೂ ಎಲ್ಲರಿಗೂ ಸ್ವಾಗತ" ಎಂದು ಒಂದು ಕಡೆ ಇರಲಿ.

ಇದೇ ಜಾಗದಲ್ಲಿ ವಯಸ್ಸಿನ ಮಾತನ್ನೂ ಸರಿಪಡಿಸಿಕೊಳ್ಳಿ. ಕೆಲವು ಮನೆಗಳಲ್ಲಿ 59 ತುಂಬಿ 60ಕ್ಕೆ ಕಾಲಿಟ್ಟಾಗ ಶಾಂತಿ ಮಾಡಿಸುತ್ತಾರೆ, ಕೆಲವರಲ್ಲಿ 60 ತುಂಬಿದ ಮೇಲೆ. ಜನ್ಮನಕ್ಷತ್ರ ನೋಡಿ ದಿನ ಹಿಡಿದರೆ ಅದು ಶಾಲೆಯ ದಾಖಲೆಯಲ್ಲಿರುವ ತಾರೀಖಿಗೆ ಹೆಚ್ಚಾಗಿ ಕೂಡುವುದಿಲ್ಲ. ತಾರೀಖಿನ ಜೊತೆಯಲ್ಲಿ ವಾರವನ್ನೂ ಬರೆಯಿರಿ. ಇಲ್ಲದಿದ್ದರೆ ಅಪ್ಪಯ್ಯನ ಹುಟ್ಟಿದ ದಿನ ಬಲ್ಲವರು ತಾರೀಖು ತಪ್ಪಾಗಿದೆ ಎಂದು ಫೋನ್ ಮಾಡುತ್ತಾರೆ.

5. ನೆಲ ಮತ್ತು ಹವೆ

ಮರಳಿನ ಮೇಲೆ ಕಾರ್ಯಕ್ರಮವಿದ್ದರೆ ಹಿಮ್ಮಡಿ ಎತ್ತರದ ಚಪ್ಪಲಿ ಹೂತುಹೋಗುತ್ತದೆ. "ಕುರ್ಚಿಗಳು ಮರಳಿನ ಮೇಲೆ ಇವೆ, ಚಪ್ಪಟೆ ಚಪ್ಪಲಿ ಅನುಕೂಲ" ಎಂದರೆ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯಲ್ಲಿ ಹಗಲು ಹೊತ್ತು ರೇಷ್ಮೆ ಉಟ್ಟು ಕೂರುವುದು ಕಷ್ಟ, ಹತ್ತಿ ಸೀರೆಯೂ ಆಗುತ್ತದೆ ಎಂದು ಬರೆಯಿರಿ. ಘಟ್ಟದ ಮೇಲೆ ಡಿಸೆಂಬರ್, ಜನವರಿಯ ಸಂಜೆ ತಣ್ಣಗಿರುತ್ತದೆ, ಕೆಳಗಿನಿಂದ ಬರುವವರಿಗೆ ಶಾಲು ತರಲು ಹೇಳಿ. ಮಳೆಗಾಲದ ಸಮಾರಂಭವಾದರೆ ಗಾಡಿ ಎಲ್ಲಿಯವರೆಗೆ ಬರುತ್ತದೆ, ಎಷ್ಟು ದೂರ ನಡೆಯಬೇಕು ಎಂಬುದೇ ಬಟ್ಟೆಯನ್ನು ನಿರ್ಧರಿಸುತ್ತದೆ. ಇವುಗಳಲ್ಲಿ ನಿಮಗೆ ಅನ್ವಯಿಸುವ ಒಂದು ವಾಕ್ಯ ಮಾತ್ರ ಹಾಕಿ.

6. ಫೋನಿನಲ್ಲಿ ಹೇಳಿ ಪರೀಕ್ಷಿಸಿ

ನಮ್ಮ ಕಡೆ ಕರೆ ಹೇಳುವುದು ಇನ್ನೂ ಬಹುಮಟ್ಟಿಗೆ ಬಾಯಿಮಾತಿನಲ್ಲಿ. ಮನೆಗೆ ಹೋಗಿ ಹೇಳುತ್ತೇವೆ, ಇಲ್ಲವೇ ಫೋನ್ ಮಾಡುತ್ತೇವೆ. ಅಚ್ಚಾದ ಕರೆಯೋಲೆ ಆಮೇಲೆ ಬರುತ್ತದೆ. ಆದ್ದರಿಂದ ಉಡುಪಿನ ಮಾತು ಒಂದೇ ಉಸಿರಿನಲ್ಲಿ ಹೇಳುವಷ್ಟು ಚಿಕ್ಕದಾಗಲೇಬೇಕು. ನಮ್ಮ ಉದಾಹರಣೆಯಲ್ಲಿ: "ಅತ್ತೆ, ಸಂಜೆಗೆ ಹಸಿರೋ ಹಳದಿಯೋ ಉಡಿ, ಮಾವನಿಗೆ ಬಿಳಿ ಅಂಗಿ ಸಾಕು. ಇಲ್ಲದಿದ್ದರೆ ಯಾವುದಾದರೂ ಆದೀತು." ಇಷ್ಟನ್ನು ಹೇಳಲಾಗದಿದ್ದರೆ ನಿಮ್ಮ ಡ್ರೆಸ್ ಕೋಡ್ ಇನ್ನೂ ತೊಡಕಾಗಿದೆ, ಮರಳಿ ಎರಡನೆಯ ಹಂತಕ್ಕೆ ಹೋಗಿ.

ಅಚ್ಚಿಗೆ ಕೊಡುವ ಮೊದಲು ಮೂವರಿಗೆ ಓದಿಸಿ. ಒಬ್ಬರು ಹಿರಿಯರಿರಲಿ, ಒಬ್ಬರು ಬಟ್ಟೆಯ ಬಗ್ಗೆ ತಲೆ ಕೆಡಿಸಿಕೊಳ್ಳದ ಗಂಡಸು, ಇನ್ನೊಬ್ಬರು ದೂರದ ಊರಿನವರು. "ಅರ್ಥವಾಯಿತೇ?" ಎಂದು ಕೇಳಬೇಡಿ. ಎಲ್ಲರೂ ಆಯಿತು ಎಂದೇ ಹೇಳುತ್ತಾರೆ. "ಹಾಗಾದರೆ ನೀವು ಯಾವುದನ್ನು ಉಡುತ್ತೀರಿ?" ಎಂದು ಕೇಳಿ. "ಆ ಹಸಿರು ಇಳಕಲ್ ಇದೆಯಲ್ಲ, ಅದನ್ನೇ" ಎಂದು ತಡವರಿಸದೆ ಉತ್ತರ ಬಂದರೆ ಸಾಲು ಸರಿಯಾಗಿದೆ. "ನೋಡಬೇಕು" ಎಂದರೆ ಎಲ್ಲಿ ತೊಡಕಾಯಿತೆಂದು ವಿಚಾರಿಸಿ, ಅಷ್ಟನ್ನು ತಿದ್ದಿ. ಅಂಗಡಿಗೆ ಹೋಗುವ ಮಾತು ಬಂದರೆ ಬಣ್ಣವನ್ನೇ ಬದಲಿಸುವುದು ಒಳ್ಳೆಯದು.

7. ಕಳುಹಿಸುವಾಗ

ವಾಟ್ಸ್‌ಆ್ಯಪ್‌ನಲ್ಲಿ ಹೋಗುವ ಚಿತ್ರದ ಕರೆಯೋಲೆಯಲ್ಲಿ ಉಡುಪಿನ ಸಾಲು ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬಳ್ಳಿಯ ಚಿತ್ತಾರದ ಮೇಲೆ ಚಿನ್ನದ ಬಣ್ಣದ ಅಕ್ಷರವಿದ್ದರಂತೂ ಕನ್ನಡಕ ಹಾಕಿದರೂ ಕಾಣದು. ಚಿತ್ರದಲ್ಲಿ ದಿನ, ಹೊತ್ತು, ಜಾಗ ಇರಲಿ. ಉಡುಪಿನ ಸಾಲನ್ನು ಚಿತ್ರದ ಕೆಳಗೆ ಬರಹವಾಗಿ ಕಳುಹಿಸಿ. ಬರಹವಾದರೆ ಅಕ್ಷರ ದೊಡ್ಡದು ಮಾಡಿ ಓದಬಹುದು, ಮನೆಯ ಇನ್ನೊಬ್ಬರಿಗೆ ಅಷ್ಟನ್ನೇ ಕಳುಹಿಸಬಹುದು. ಸಂದೇಶ ಉದ್ದವಾದರೆ ಮುಂದಿನ ಭಾಗ ಮಡಚಿಕೊಂಡು ಕಾಣುವುದಿಲ್ಲ, ಹಾಗಾಗಿ ಇದನ್ನು ಪ್ರತ್ಯೇಕ ಸಂದೇಶವಾಗಿ ಕಳುಹಿಸುವುದೇ ಮೇಲು. ಚಿತ್ರ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುವಾಗ ಕೆಳಗಿನ ಬರಹ ಬಿಟ್ಟುಹೋಗುವುದೂ ಉಂಟು. "ಬಟ್ಟೆಯ ವಿವರ ಕೆಳಗಿನ ಸಂದೇಶದಲ್ಲಿ" ಎಂಬ ಒಂದು ಸಾಲು ಚಿತ್ರದೊಳಗೇ ಇದ್ದರೆ, ಸಂದೇಶ ಸಿಗದವರು ತಾವಾಗಿಯೇ ತರಿಸಿಕೊಳ್ಳುತ್ತಾರೆ.

ಅಚ್ಚಿನ ಕರೆಯೋಲೆಯಾದರೆ ಶ್ಲೋಕ, ಹಿರಿಯರ ಹೆಸರು, ವಿನಂತಿ ಇರುವ ಮುಖ್ಯ ಪುಟದಲ್ಲಿ ಬಟ್ಟೆಯ ಮಾತು ಬೇಡ. ಅದು ಪೂಜೆಯ ಆಹ್ವಾನ. ಒಳಗೆ ಒಂದು ಸಣ್ಣ ಚೀಟಿ ಇಡಿ. ಶಾಂತಿಗೆ ಮಾತ್ರ ಬರುವವರಿಗೆ ಆ ಚೀಟಿ ಹೋಗುವುದೂ ಬೇಡ.

ಕಾರ್ಯಕ್ರಮಕ್ಕೆ ಮೂರು ವಾರ ಇರುವಾಗ ಕಳುಹಿಸಿದರೆ ಒಳ್ಳೆಯದು. ಸೀರೆಯನ್ನು ಹೊರತೆಗೆದು ಗಾಳಿಗೆ ಹಾಕಲು, ರವಿಕೆ ಸರಿಮಾಡಿಸಲು ಅಷ್ಟು ಸಮಯ ಬೇಕಾಗುತ್ತದೆ. ತೀರಾ ಮೊದಲೇ ಕಳುಹಿಸಿದರೆ ಮರೆಯುತ್ತಾರೆ. ಎರಡು ದಿನ ಮೊದಲು, ಉಡುಪಿನ ಅದೇ ಸಾಲನ್ನು ಒಂದು ಅಕ್ಷರವೂ ಬದಲಿಸದೆ ಮತ್ತೊಮ್ಮೆ ಕಳುಹಿಸಿ. ಬೇರೆ ಮಾತುಗಳಲ್ಲಿ ಬರೆದರೆ ಏನೋ ಬದಲಾಗಿದೆ ಎಂದು ಫೋನುಗಳು ಶುರುವಾಗುತ್ತವೆ.

8. ಆಮೇಲೂ ಪ್ರಶ್ನೆ ಬಂದರೆ

ಒಬ್ಬರು ಕೇಳಿದರೆ ಅವರಿಗೆ ಉತ್ತರಿಸಿ ಬಿಡಿ. ಒಂದೇ ಪ್ರಶ್ನೆಯನ್ನು ಮೂವರು ಕೇಳಿದರೆ ಕೇಳದೆ ಸುಮ್ಮನಿರುವವರು ಇನ್ನೂ ಅನೇಕರಿದ್ದಾರೆ ಎಂದು ತಿಳಿಯಿರಿ, ಉತ್ತರವನ್ನು ಎಲ್ಲರಿಗೂ ಕಳುಹಿಸಿ. ಮನೆಯ ಮೂವರು ಮೂರು ಉತ್ತರ ಕೊಡುವುದು ಇಲ್ಲಿ ನಡೆಯುವ ದೊಡ್ಡ ಎಡವಟ್ಟು. ಮಗಳು "ನೀಲಿಯೂ ನಡೆಯುತ್ತದೆ" ಎನ್ನುತ್ತಾಳೆ, ಮಗ "ಹಸಿರೇ ಆಗಲಿ" ಎನ್ನುತ್ತಾನೆ, ಆಯಿ "ಏನಾದರೂ ಉಟ್ಟು ಬನ್ನಿ" ಎಂದುಬಿಡುತ್ತಾಳೆ. ಮೂವರೂ ಒಂದೇ ಮಾತು ಹೇಳುವಂತೆ ಉತ್ತರವನ್ನು ಬರೆದು ಫೋನಿನ ಪಕ್ಕದಲ್ಲಿ ಅಂಟಿಸಿಡಿ. ನಮ್ಮ ಉದಾಹರಣೆಯ ಮನೆಯಲ್ಲಿ ಹೆಚ್ಚಾಗಿ ಬಂದ ಪ್ರಶ್ನೆ ಸೀರೆಯದಲ್ಲ, ಕಾಲೇಜು ಹುಡುಗಿಯರ ಉದ್ದ ಲಂಗ, ಕುರ್ತಿಗಳದ್ದು. ಅವರು ಎಲ್ಲರಿಗೂ ಕಳುಹಿಸಿದ್ದು ಹೀಗೆ:

> ಕೆಲವರು ಕೇಳಿದ್ದರಿಂದ ತಿಳಿಸುತ್ತಿದ್ದೇವೆ: ಸಂಜೆಗೆ ಸೀರೆ, ಚೂಡಿದಾರದ ಜೊತೆಗೆ ಲಂಗ, ಕುರ್ತಿಯೂ ಆಗುತ್ತದೆ. ಬಣ್ಣ ಮೊದಲು ಹೇಳಿದ್ದೇ, ಹಸಿರು ಅಥವಾ ಹಳದಿ.